ಹೆಂಗಸರ ಚೈನ್ ವಾಚು: ಕೇಸಿನ ಅಳತೆ, ಒಳಗಿನ ಮೆಷಿನ್, ದಿನನಿತ್ಯದ ಪೆಟ್ಟು – ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯಲ್ಲಿ ಚೈನ್ ವಾಚು ನೋಡುವಾಗ ಹೆಚ್ಚಿನವರ ಕಣ್ಣು ಮೊದಲು ಡಯಲ್ ಮೇಲೆ, ಆಮೇಲೆ ಬಣ್ಣದ ಮೇಲೆ, ಕೊನೆಗೆ ಬೆಲೆ ಚೀಟಿಯ ಮೇಲೆ ಹೋಗುತ್ತದೆ. ಆರು ತಿಂಗಳು ಕಳೆದ ಮೇಲೆ ಬರುವ ದೂರುಗಳು ಬೇರೆಯೇ ಇರುತ್ತವೆ: ವಾಚು ಕೈಯ ಮೇಲೆ ತಿರುಗಿಕೊಳ್ಳುತ್ತದೆ, ಗ್ಲಾಸಿನ ಅಂಚು ಹಾರಿದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಕೆಳಗಿನ ಉತ್ತರಗಳು ತೆಳು ಕೇಸಿನ, ಲೋಹದ ಚೈನಿನ, ದಿನಾ ಕಟ್ಟುವ ವಾಚುಗಳನ್ನು ಕುರಿತವು. ಮದುವೆ ಮುಂಜಿಗೆ ಮಾತ್ರ ಬೀರುವಿನಿಂದ ಹೊರಗೆ ಬರುವ ಕಲ್ಲಿನ ವಾಚಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನನ್ನ ಕೈ ಸಣ್ಣದು. ಎಷ್ಟು ಮಿಲಿಮೀಟರಿನ ಕೇಸ್ ತೆಗೆದುಕೊಳ್ಳಲಿ?

ಹೆಂಗಸರ ವಾಚುಗಳು ಸಾಮಾನ್ಯವಾಗಿ 22ರಿಂದ 36 ಮಿ.ಮೀ. ಅಗಲದವರೆಗೆ ಸಿಗುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಬರೆದಿರುವ ಆ ಒಂದು ಅಂಕಿಯನ್ನು ನಂಬಿ ಕೊಳ್ಳಬೇಡಿ. ಅದು ಕೇಸಿನ ಅಡ್ಡಗಲ ಅಷ್ಟೇ. ಚೈನು ಸಿಕ್ಕಿಸಲು ಕೇಸಿನ ಮೇಲೆ ಕೆಳಗೆ ಚಾಚಿಕೊಂಡಿರುವ ನಾಲ್ಕು ಕೊಂಬುಗಳಿಗೆ ಲಗ್ ಎನ್ನುತ್ತಾರೆ. ಮೇಲಿನ ಲಗ್‌ನ ತುದಿಯಿಂದ ಕೆಳಗಿನ ಲಗ್‌ನ ತುದಿಯವರೆಗಿನ ಉದ್ದವೇ ನಿಮ್ಮ ಕೈಗೆ ವಾಚು ಒಪ್ಪುತ್ತದೋ ಇಲ್ಲವೋ ಎಂದು ನಿರ್ಧರಿಸುವುದು. ಒಂದೇ 32 ಮಿ.ಮೀ. ಅಗಲದ ಎರಡು ವಾಚುಗಳಲ್ಲಿ ಒಂದರ ಉದ್ದ 36, ಇನ್ನೊಂದರದ್ದು 40 ಇರಬಹುದು. ಕೈಗೆ ಹಾಕಿದಾಗ ಅವು ಬೇರೆ ಬೇರೆ ಸೈಜಿನಂತೆಯೇ ಕಾಣುತ್ತವೆ.

ಕೈಯ ಅಳತೆ ತೆಗೆಯುವುದು ಸುಲಭ. ಮಣಿಕಟ್ಟಿನ ಗಂಟು ಮೂಳೆಯ ಹಿಂದೆ, ಮೊಳಕೈ ಕಡೆಗೆ, ವಾಚು ಕೂರುವ ಜಾಗಕ್ಕೆ ಟೇಪು ಸುತ್ತಿ ಸುತ್ತಳತೆ ನೋಡಿ. ಆಮೇಲೆ ಅದೇ ಜಾಗದಲ್ಲಿ ಕೈಯ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು, ಎರಡೂ ಕಡೆ ಇಳಿಜಾರು ಶುರುವಾಗುವ ಮೊದಲಿನ ಚಪ್ಪಟೆ ಭಾಗ ಎಷ್ಟು ಮಿಲಿಮೀಟರ್ ಇದೆ ನೋಡಿ. ಲಗ್‌ನಿಂದ ಲಗ್‌ವರೆಗಿನ ಉದ್ದ ಈ ಎರಡನೆಯ ಅಳತೆಯನ್ನು ಮೀರಬಾರದು. ಮೀರಿದರೆ ಕೇಸಿನ ತುದಿಗಳು ಕೈಯಿಂದ ಆಚೆ ಚಾಚಿಕೊಂಡು ನಿಲ್ಲುತ್ತವೆ. ನೋಡಲು ಚೆನ್ನಾಗಿಲ್ಲ ಎನ್ನುವುದು ಒಂದು ಮಾತು. ಬಾಗಿಲ ಚೌಕಟ್ಟು, ಮೇಜಿನ ಅಂಚು, ಬಸ್ಸಿನ ಕಂಬಿಗೆ ಮೊದಲು ತಗಲುವುದೂ ಆ ತುದಿಗಳೇ.

ಒಂದು ಉದಾಹರಣೆ ಕೊಟ್ಟು ಹೇಳುತ್ತೀರಾ?

ಸುತ್ತಳತೆ 14.5 ಸೆಂ.ಮೀ., ಮೇಲಿನ ಚಪ್ಪಟೆ ಭಾಗ 44 ಮಿ.ಮೀ. ಇರುವ ಕೈ ಎಂದುಕೊಳ್ಳೋಣ. ಮುಂದೆ ಎರಡು ವಾಚುಗಳಿವೆ. ಮೊದಲನೆಯದರ ಅಗಲ 34, ಲಗ್‌ನಿಂದ ಲಗ್‌ಗೆ 40, ದಪ್ಪ 8.5 ಮಿ.ಮೀ. ಎರಡನೆಯದು 28 ಅಗಲ, 33 ಉದ್ದ, 6 ದಪ್ಪ.

ಅಂಕಿ ನೋಡಿದರೆ ಎರಡೂ 44ರ ಒಳಗೇ ಇವೆ. ಆದರೆ ಚೈನ್ ವಾಚಿನಲ್ಲಿ ಇನ್ನೊಂದು ವಿಷಯ ನೋಡಲೇಬೇಕು, ಕೇಸಿಗೆ ಅಂಟಿಕೊಂಡ ಮೊದಲ ಕೊಂಡಿ. ಕೆಲವು ವಾಚುಗಳಲ್ಲಿ ಅದು ಲಗ್ ಮುಗಿದಲ್ಲೇ ಕೆಳಕ್ಕೆ ಬಾಗುತ್ತದೆ. ಇನ್ನು ಕೆಲವದರಲ್ಲಿ ಒಂದಿಷ್ಟು ದೂರ ನೆಟ್ಟಗೆ ಮುಂದೆ ಬಂದು ಆಮೇಲೆ ಬಾಗುತ್ತದೆ. ನಮ್ಮ ಮೊದಲ ವಾಚಿನ ಕೊಂಡಿ ಹೀಗೆ ಎರಡೂ ಕಡೆ ಮೂರು ಮೂರು ಮಿಲಿಮೀಟರ್ ಮುಂದೆ ಬರುತ್ತದೆ ಎಂದರೆ ಅದರ ನಿಜವಾದ ಉದ್ದ 46 ಆಯಿತು, ಕೈಗಿಂತ 2 ಮಿ.ಮೀ. ಹೆಚ್ಚು. ಚರ್ಮಕ್ಕೂ ಚೈನಿಗೂ ನಡುವೆ ಸಂದು ಬಿದ್ದು ವಾಚು ಅತ್ತಿತ್ತ ವಾಲುತ್ತದೆ. ಎರಡನೆಯದರ ಕೊಂಡಿ ಲಗ್ ಹತ್ತಿರವೇ ಬಾಗುವುದರಿಂದ 33 ಮಿ.ಮೀ. ಹಾಗೇ ಉಳಿದು, ಎರಡೂ ಕಡೆ ಐದೂವರೆ ಮಿ.ಮೀ. ಜಾಗ ಬಿಟ್ಟು ಕೂರುತ್ತದೆ. ಈ ಕೈಗೆ ನಾನು ಎರಡನೆಯದನ್ನೇ ಹೇಳುವುದು. ದೊಡ್ಡ ಡಯಲ್ಲೇ ಬೇಕು ಅನ್ನುವವರು 32 ಅಗಲದ, ಕೊಂಡಿ ಕೂಡಲೇ ಬಾಗುವ ವಾಚನ್ನು ಹುಡುಕಬಹುದು.

ಆನ್‌ಲೈನಿನಲ್ಲಿ ಕೊಳ್ಳುವವರು ರಟ್ಟಿನ ಚೂರನ್ನು ಆ ಉದ್ದಕ್ಕೆ ಕತ್ತರಿಸಿ ಕೈಮೇಲೆ ಇಟ್ಟು ನೋಡಿ. ಮೊಬೈಲ್ ಹತ್ತಿರ ಹಿಡಿದು ತೆಗೆದ ಫೋಟೋದಲ್ಲಿ ಎಲ್ಲ ವಾಚೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕನ್ನಡಿ ಮುಂದೆ ಎರಡು ಹೆಜ್ಜೆ ಹಿಂದೆ ನಿಂತು ನೋಡುವುದೇ ಸರಿ.

ತೆಳು ಎಂದರೆ ಎಷ್ಟು ತೆಳು? ತೆಳುವಾದಷ್ಟೂ ಒಳ್ಳೆಯದೇ?

ದಿನಬಳಕೆಗೆ 6ರಿಂದ 7.5 ಮಿ.ಮೀ. ದಪ್ಪ ಹದವಾದದ್ದು. ಚೂಡಿದಾರದ ತೋಳಿನ ಒಳಗೆ ಸಲೀಸಾಗಿ ಜಾರುತ್ತದೆ, ಗ್ಲಾಸಿಗೂ ಹಿಂಬದಿಯ ಮುಚ್ಚಳಕ್ಕೂ ಗಟ್ಟಿತನಕ್ಕೆ ಬೇಕಾದಷ್ಟು ದಪ್ಪ ಉಳಿಯುತ್ತದೆ.

ಅದಕ್ಕಿಂತ ತೆಳುವೂ ಸಾಧ್ಯ. ಹೊಸೂರಿನಲ್ಲಿ ಕಾರ್ಖಾನೆಯಿರುವ ಟೈಟಾನ್ 2002ರಲ್ಲಿ ಹೊರತಂದ ಎಡ್ಜ್ ವಾಚಿನ ಕೇಸು ಬರೀ 3.5 ಮಿ.ಮೀ., ಅದರೊಳಗಿನ, ಸೆಲ್‌ನಿಂದ ಓಡುವ ಕ್ವಾರ್ಟ್ಜ್ ಮೆಷಿನ್ 1.15 ಮಿ.ಮೀ. ಅಂಥದ್ದನ್ನು ಮಾಡುವುದು ದೊಡ್ಡ ಕೆಲಸ. ಆದರೆ ಸಾಧಾರಣ ಬೆಲೆಯ ವಾಚಿನಲ್ಲಿ ದಪ್ಪ ಕಡಿಮೆ ಮಾಡುವಾಗ ಮೊದಲು ತೆಳುವಾಗುವುದು ಗ್ಲಾಸು ಮತ್ತು ಹಿಂದಿನ ಮುಚ್ಚಳ. ಮುಚ್ಚಳ ತೆಳುವಾದರೆ ತಿರುಪು ಕೊರೆಯಲು ಜಾಗ ಸಾಲುವುದಿಲ್ಲ, ಒತ್ತಿ ಕೂರಿಸುವ ಮುಚ್ಚಳವೇ ಗತಿ. ಅದು ಕೆಟ್ಟದ್ದೇನಲ್ಲ, ಆದರೆ ಸೆಲ್ ಹಾಕಿಸುವಾಗ ಎಚ್ಚರ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಕ್ವಾರ್ಟ್ಜ್ ತಗೊಳ್ಳಲೋ, ಆಟೊಮ್ಯಾಟಿಕ್ ತಗೊಳ್ಳಲೋ?

ತೆಳು ಕೇಸು, ಸಣ್ಣ ಡಯಲ್, ದಿನಾ ಕಟ್ಟುವುದು – ಈ ಮೂರೂ ಬೇಕಾದರೆ ಕ್ವಾರ್ಟ್ಜ್. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಕಾರಣ ಇದು. ಆಟೊಮ್ಯಾಟಿಕ್ ವಾಚಿನಲ್ಲಿ ಕೈ ಆಡಿದಂತೆ ಒಳಗೆ ಅರ್ಧಚಂದ್ರಾಕಾರದ ಒಂದು ತೂಕ ಗಿರಗಿರನೆ ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಮೆಷಿನ್ ಕಿರಿದಾದಷ್ಟೂ ಆ ತೂಕವೂ ಕಿರಿದಾಗುತ್ತದೆ, ಸುತ್ತುವ ಬಲ ಕಡಿಮೆಯಾಗುತ್ತದೆ. ಅಗಲದಲ್ಲಿ ಜಾಗವಿಲ್ಲದ್ದರಿಂದ ಬಿಡಿಭಾಗಗಳನ್ನು ಒಂದರ ಮೇಲೊಂದು ಕೂರಿಸಬೇಕಾಗುತ್ತದೆ. ಗಂಡಸರ ವಾಚುಗಳಲ್ಲಿ ಹೇರಳವಾಗಿ ಕಾಣುವ ಸ್ವಿಸ್ ಮೆಷಿನ್ ಇಟಿಎ 2824ರ ಅಗಲ 25.6, ದಪ್ಪ 4.6 ಮಿ.ಮೀ. ಹೆಂಗಸರ ವಾಚಿಗೆಂದೇ ಮಾಡಿದ ಇಟಿಎ 2671ರ ಅಗಲ ಕೇವಲ 17.2, ಆದರೆ ದಪ್ಪ 4.8. ಅಂದರೆ ಸಣ್ಣದು ಹೆಚ್ಚು ದಪ್ಪ! ಮೇಲೆ ಗ್ಲಾಸು, ಮುಳ್ಳುಗಳಿಗೆ ಜಾಗ, ಕೆಳಗೆ ಮುಚ್ಚಳ ಸೇರಿದರೆ ಕೇಸು ಸುಲಭವಾಗಿ 9 ಮಿ.ಮೀ. ದಾಟುತ್ತದೆ. 26 ಮಿ.ಮೀ. ಅಗಲದ ವಾಚು 9 ಮಿ.ಮೀ. ಎತ್ತರವಾದರೆ ಕೈಮೇಲೆ ಗುಂಡಿಯಂತೆ ಎದ್ದು ಕೂರುತ್ತದೆ.

ಜೊತೆಗೆ ಪೂರ್ತಿ ಸುತ್ತಿದ ಸಣ್ಣ ಆಟೊಮ್ಯಾಟಿಕ್ ಸುಮಾರು 38ರಿಂದ 40 ಗಂಟೆ ನಡೆಯುತ್ತದೆ. ಶನಿವಾರ ಬಿಚ್ಚಿಟ್ಟರೆ ಸೋಮವಾರ ನಿಂತಿರುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರ ಕೈ ಅಷ್ಟಾಗಿ ಆಡದೆ ಕಟ್ಟಿದ್ದಾಗಲೇ ನಿಲ್ಲುವುದೂ ಉಂಟು. ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದೆ ಮುಂದೆ ಆಗುವುದು ಅದಕ್ಕೆ ಸಹಜ. ಕ್ವಾರ್ಟ್ಜ್‌ನಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು ಲೆಕ್ಕ ಇಡುವುದರಿಂದ ಅಷ್ಟು ವ್ಯತ್ಯಾಸಕ್ಕೆ ಒಂದು ತಿಂಗಳೇ ಬೇಕು.

ಹಾಗಾದರೆ ಸೆಲ್ ಇಲ್ಲದೆ ಸ್ಪ್ರಿಂಗ್‌ನಿಂದಲೇ ಓಡುವ ಮೆಕ್ಯಾನಿಕಲ್ ವಾಚು ಯಾರಿಗೆ? ಅದರ ಓಟವನ್ನು ನೋಡಿ ಖುಷಿಪಡುವವರಿಗೆ, ಮತ್ತು 32 ಮಿ.ಮೀ. ಮೇಲ್ಪಟ್ಟ ಕೇಸು ಒಪ್ಪುವ ಕೈಗೆ. ಇನ್ನೊಂದು ದಾರಿ ದಿನಾ ಕೀ ಕೊಡುವ ವಾಚು. ತಿರುಗುವ ತೂಕವಿಲ್ಲದ್ದರಿಂದ ಅದು ತೆಳುವಾಗಿರುತ್ತದೆ. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಿಂದ ಬಂದ ಹಳೆಯ ಹೆಂಗಸರ ಕೀ ವಾಚುಗಳು ಈಗಲೂ ಎಷ್ಟೋ ಮನೆಗಳ ಬೀರುವಿನಲ್ಲಿವೆ. ಅಮ್ಮನದ್ದೋ ಅಜ್ಜಿಯದ್ದೋ ಸಿಕ್ಕರೆ ಎಣ್ಣೆ ಒಣಗಿರುವುದು ಖಂಡಿತ. ಬಿಚ್ಚಿ ತೊಳೆಸಿ ಎಣ್ಣೆ ಹಾಕಿಸದೆ ಓಡಿಸಬೇಡಿ, ಹಲ್ಲುಗಳು ಸವೆಯುತ್ತವೆ.

ಬೆಳಕಿನಿಂದ ಚಾರ್ಜ್ ಆಗುವ ಕ್ವಾರ್ಟ್ಜ್ ಕೂಡ ಇದೆ, ಸೆಲ್ ಬದಲಿಸುವ ತಾಪತ್ರಯ ಇರುವುದಿಲ್ಲ. ಆದರೆ ಅದನ್ನು ಕತ್ತಲ ಬೀರುವಿನಲ್ಲಿ ತಿಂಗಳುಗಟ್ಟಲೆ ಇಡಬಾರದು.

ನನ್ನ ವಾಚಿಗೆ ಸೆಕೆಂಡಿನ ಮುಳ್ಳೇ ಇಲ್ಲ. ಸೆಲ್ ಮುಗಿಯುತ್ತಿದೆ ಎಂದು ತಿಳಿಯುವುದು ಹೇಗೆ?

ಮೂರು ಮುಳ್ಳಿನ ಅನೇಕ ವಾಚುಗಳಲ್ಲಿ ಸೆಲ್ ಸೊರಗಿದಾಗ ಸೆಕೆಂಡಿನ ಮುಳ್ಳು ಎರಡೆರಡು ಸೆಕೆಂಡು ಒಟ್ಟಿಗೆ ಜಿಗಿದು ಎಚ್ಚರಿಸುತ್ತದೆ. ಎರಡೇ ಮುಳ್ಳಿನ ತೆಳು ವಾಚಿನಲ್ಲಿ ಆ ಸೌಲಭ್ಯವಿಲ್ಲ. ಅದರ ನಿಮಿಷದ ಮುಳ್ಳು ಹತ್ತೋ ಇಪ್ಪತ್ತೋ ಸೆಕೆಂಡಿಗೊಮ್ಮೆ ಸಣ್ಣಗೆ ಜರುಗುತ್ತದೆ, ಹಾಗಾಗಿ ಒಂದು ಕ್ಷಣ ನೋಡಿ ನಿಂತಿದೆ ಎಂದುಕೊಳ್ಳಬೇಡಿ, ಒಂದೆರಡು ನಿಮಿಷ ಕಾಯಿರಿ. ಸೆಲ್ ಹಾಕಿಸಿದ ತಿಂಗಳನ್ನು ಬರೆದಿಟ್ಟುಕೊಂಡು ಎರಡು ವರ್ಷಕ್ಕೆ ಬದಲಿಸಿಬಿಡುವುದೇ ನೆಮ್ಮದಿ. ಸತ್ತ ಸೆಲ್ ಒಳಗೇ ಉಳಿದರೆ ಸೋರಿ ಮೆಷಿನನ್ನೇ ತಿನ್ನುತ್ತದೆ.

ಸಣ್ಣ ವಾಚುಗಳಲ್ಲಿ ಹೆಚ್ಚಾಗಿ ಬಳಸುವ ಸೆಲ್‌ಗಳಲ್ಲಿ ಒಂದು 364 ನಂಬರಿನ ಸಿಲ್ವರ್ ಆಕ್ಸೈಡ್ ಸೆಲ್, 6.8 ಮಿ.ಮೀ. ಅಗಲ, 2.1 ದಪ್ಪ. ಇದೇ ಸೈಜಿನಲ್ಲಿ ಎಜಿ1 ಎಂಬ ಅಗ್ಗದ ಆಲ್ಕಲೈನ್ ಸೆಲ್ ಕೂಡ ಬರುತ್ತದೆ, ಆಟಿಕೆಗಳಿಗೆ ಹಾಕುವಂಥದ್ದು. ಅದು ಬೇಗ ಮುಗಿಯುತ್ತದೆ, ಬೇಗ ಸೋರುತ್ತದೆ. ಸಿಲ್ವರ್ ಆಕ್ಸೈಡ್ ಸೆಲ್ಲೇ ಹಾಕಿ ಎಂದು ಕೇಳಿ, ಸೆಲ್ ಮೇಲಿನ ನಂಬರ್ ಓದಿ ನೋಡಿ.

ಈಗ ಮುಚ್ಚಳದ ಮಾತು. ಒತ್ತುವ ಮುಚ್ಚಳವನ್ನು ಪ್ರೆಸ್ಸಿನಲ್ಲಿಟ್ಟು ಕೂರಿಸುವಾಗ ಕೆಳಗಿನ ಅಚ್ಚು ಕೇಸಿನ ಅಂಚಿಗೆ ಆನಿಕೊಂಡಿರಬೇಕು. ಅಚ್ಚು ಚಿಕ್ಕದಾಗಿ ಗ್ಲಾಸಿಗೇ ಆನಿಕೊಂಡರೆ ಒತ್ತಡವೆಲ್ಲ ಗ್ಲಾಸಿನ ಮೇಲೆ ಬಿದ್ದು ತೆಳು ಗ್ಲಾಸು ಪಟ್ ಎಂದು ಸೀಳುತ್ತದೆ. ಮುಚ್ಚಳ ಒಂದು ಕಡೆ ಎದ್ದಿದೆಯೇ ಎಂದು ಉಗುರಿನಿಂದ ಸುತ್ತಲೂ ತಡವಿ ನೋಡಿ. ಎದ್ದಿದ್ದರೆ ಬೆವರು ಒಳಗೆ ಹೋಗಲು ಆ ಸಂದು ಸಾಕು.

ಬ್ಯಾಗಿನಲ್ಲಿ ಹಾಕಿದರೆ ನಿಲ್ಲುತ್ತದೆ, ಹೊರಗೆ ತೆಗೆದರೆ ಓಡುತ್ತದೆ. ಇದೆಂಥ ಕಾಯಿಲೆ?

ಬ್ಯಾಗಿನ ಬಾಯಿಗಿರುವ ಮ್ಯಾಗ್ನೆಟ್ ಗುಂಡಿಯ ಕಾಟ. ಮೊಬೈಲ್ ಕವರಿನ ಮ್ಯಾಗ್ನೆಟ್ ಕೂಡ ಹೀಗೇ ಮಾಡುತ್ತದೆ. ಕ್ವಾರ್ಟ್ಜ್ ವಾಚಿನ ಮುಳ್ಳನ್ನು ತಳ್ಳುವುದು ಒಂದು ಪುಟ್ಟ ಮೋಟರ್, ಮ್ಯಾಗ್ನೆಟ್ ಹತ್ತಿರ ಬಂದರೆ ಅದು ತಡವರಿಸುತ್ತದೆ. ದೂರ ಮಾಡಿದರೆ ತಾನೇ ಸರಿಹೋಗುತ್ತದೆ, ಟೈಮ್ ತಿದ್ದಿಕೊಂಡರಾಯಿತು. ಸೆಲ್ ಬದಲಿಸಿ ದುಡ್ಡು ಕಳೆದುಕೊಳ್ಳಬೇಡಿ. ಮೆಕ್ಯಾನಿಕಲ್ ವಾಚಾದರೆ ಕತೆ ಬೇರೆ. ಅದರ ಕೂದಲೆಳೆ ಸ್ಪ್ರಿಂಗ್‌ಗೆ ಅಯಸ್ಕಾಂತತೆ ಹತ್ತಿದರೆ ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತದೆ. ರಿಪೇರಿ ಅಂಗಡಿಯಲ್ಲಿ ಅದನ್ನು ತೆಗೆಯುವುದು ಕೆಲವೇ ಸೆಕೆಂಡಿನ ಕೆಲಸ.

ಗ್ಲಾಸು ಮಿನರಲ್ ಇರಲೋ, ಸಫೈರ್ ಇರಲೋ?

ನಮ್ಮ ಅಡುಗೆಮನೆಯ ಕಟ್ಟೆಗಳು ಗ್ರಾನೈಟಿನವು. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳುಗಳಿರುತ್ತವೆ, ಗಡಸುತನದ ಮೋಹ್ಸ್ ಅಳತೆಯಲ್ಲಿ ಅವು 7. ಮಿನರಲ್ ಗ್ಲಾಸ್ ಅದಕ್ಕಿಂತ ಮೆದು, ಕೇಸಿನ ಸ್ಟೀಲ್ ಇನ್ನೂ ಮೆದು. ಆದ್ದರಿಂದ ಕಟ್ಟೆಗೆ ಒಮ್ಮೆ ಉಜ್ಜಿದರೂ ಗೀರು ಬೀಳುತ್ತದೆ. ಸಫೈರ್ 9, ಗ್ರಾನೈಟಿಗೆ ಜಗ್ಗುವುದಿಲ್ಲ.

ಹಾಗೆಂದು ಸಫೈರಿಗೆ ಏನೂ ಆಗುವುದಿಲ್ಲ ಎಂದಲ್ಲ. ಗೀರಿಗೆ ಗಟ್ಟಿ, ಆದರೆ ಅಂಚಿಗೆ ನೇರ ಪೆಟ್ಟು ಬಿದ್ದರೆ ಚಕ್ಕೆ ಹಾರುತ್ತದೆ. ಅದಕ್ಕೇ ನಾನು ಗ್ಲಾಸಿನ ಜಾತಿಗಿಂತ ಮೊದಲು ಅದರ ಮಟ್ಟ ನೋಡುತ್ತೇನೆ. ವಾಚನ್ನು ಕಣ್ಣಿನ ಮಟ್ಟಕ್ಕೆ ಪಕ್ಕದಿಂದ ಹಿಡಿಯಿರಿ. ಗ್ಲಾಸು ಸುತ್ತಲಿನ ಲೋಹದ ಬಳೆಗಿಂತ ಕೂದಲೆಳೆಯಷ್ಟು ಕೆಳಗಿದ್ದರೆ ಅಥವಾ ಸಮವಾಗಿದ್ದರೆ ಪೆಟ್ಟನ್ನು ಲೋಹ ತಿನ್ನುತ್ತದೆ. ಗ್ಲಾಸಿನ ಅಂಚು ಮೇಲೆದ್ದು ನಿಂತಿದ್ದರೆ ಮೊದಲ ಪೆಟ್ಟು ಅದಕ್ಕೇ. ಅಂಚೇ ಇಲ್ಲದೆ ಗ್ಲಾಸು ಮೂಲೆವರೆಗೂ ಹರಡಿರುವ ಚೌಕದ ವಾಚುಗಳು ನೋಡಲು ಬಲು ಚೆಂದ, ಅಡುಗೆಮನೆಗೆ ಮಾತ್ರ ಅಲ್ಲ.

ಗ್ಲಾಸಿಗೆ ಮೊಬೈಲಿನಂತೆ ಫಿಲ್ಮ್ ಅಂಟಿಸಬಹುದೇ ಎಂದು ಕೇಳುತ್ತಾರೆ. ಮಿನರಲ್ ಗ್ಲಾಸಿಗೆ ಗೀರು ತಪ್ಪುತ್ತದೆ, ಪೆಟ್ಟು ತಪ್ಪುವುದಿಲ್ಲ.

ಚೈನು ಎಷ್ಟು ಸಡಿಲ ಇರಬೇಕು? ಬಳೆಯಂತೆ ಜಾರುತ್ತಿದ್ದರೆ ಚೆಂದ ಅಲ್ಲವೇ?

ಚೆಂದವೇನೋ ಹೌದು. ಆದರೆ ತೆಳು ಕೇಸಿಗೆ ಬೀಳುವ ಪೆಟ್ಟುಗಳಿಗೆ ದೊಡ್ಡ ಕಾರಣ ಇದೇ. ಸಡಿಲ ಚೈನಿನಲ್ಲಿ ವಾಚು ಮಣಿಕಟ್ಟಿನ ಗಂಟಿನ ಮೇಲೆ ಇಳಿಯುತ್ತದೆ, ಇಲ್ಲವೇ ಕೈಯ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಪಕ್ಕಕ್ಕೆ ತಿರುಗಿದ ವಾಚಿನ ಗ್ಲಾಸು ಹೊರಗಿನ ಗೋಡೆ ಬಾಗಿಲುಗಳಿಗೆ ನೇರವಾಗಿ ಎದುರಾಗುತ್ತದೆ. ಮಣಿಕಟ್ಟನ್ನು ಮಡಿಸಿದಾಗಲೆಲ್ಲ ಕೀ ಕೈಗೆ ಒತ್ತುತ್ತದೆ. ಕೊಂಡಿಗಳ ಪಿನ್ನು ಬೇಗ ಸವೆದು ಚೈನು ಜೋಲುತ್ತದೆ.

ಹದ ಇಷ್ಟು: ಲಾಕ್ ಹಾಕಿದ ಮೇಲೆ ಚೈನಿನ ಕೆಳಗೆ ಕಿರುಬೆರಳು ಸಲೀಸಾಗಿ ಹೋಗಬೇಕು, ಹೆಬ್ಬೆರಳು ಹೋಗಬಾರದು. ಕೈ ಕೆಳಗೆ ಬಿಟ್ಟು ಅಲ್ಲಾಡಿಸಿದರೆ ವಾಚು ಗಂಟು ಮೂಳೆ ದಾಟಬಾರದು. ಅಳತೆ ಮಾಡಿಸಲು ಮಧ್ಯಾಹ್ನ ಹೋಗಿ, ಸೆಕೆಯಲ್ಲಿ ಕೈ ಸ್ವಲ್ಪ ಊದಿರುತ್ತದೆ.

ನಮ್ಮ 14.5 ಸೆಂ.ಮೀ. ಕೈಗೇ ಬರೋಣ. ಹತ್ತು ಮಿ.ಮೀ. ಸಡಿಲ ಸೇರಿಸಿದರೆ ಒಳ ಸುತ್ತಳತೆ 155 ಮಿ.ಮೀ. ಬೇಕು. ಅಂಗಡಿಯ ಚೈನು 174 ಇದೆ, ಒಂದು ಕೊಂಡಿ 6 ಮಿ.ಮೀ. ಅಂದರೆ ಮೂರು ಕೊಂಡಿ ತೆಗೆಯಬೇಕು. ಮೂರನ್ನೂ ಒಂದೇ ಕಡೆ ತೆಗೆದರೆ ಲಾಕ್ ಕೈಯ ಕೆಳಗೆ ನಡುವಿನಲ್ಲಿ ಕೂರದೆ ವಾಚನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಆರರ ಕಡೆಯಿಂದ ಎರಡು, ಹನ್ನೆರಡರ ಕಡೆಯಿಂದ ಒಂದು ತೆಗೆಸಿ ಕಟ್ಟಿ ನೋಡಿ. ಉಳಿದ ಒಂದೆರಡು ಮಿಲಿಮೀಟರನ್ನು ಲಾಕಿನ ಪಕ್ಕದಲ್ಲಿರುವ ಸಣ್ಣ ತೂತುಗಳಲ್ಲಿ ಪಿನ್ನು ಜರುಗಿಸಿ ಸರಿಮಾಡಬಹುದು. ಎರಡು ರೆಕ್ಕೆಯಂತೆ ತೆರೆಯುವ ಲಾಕ್‌ಗಳಲ್ಲಿ ಈ ತೂತುಗಳು ಸಾಮಾನ್ಯವಾಗಿ ಇರುವುದಿಲ್ಲ, ಕೊಳ್ಳುವ ಮೊದಲೇ ನೋಡಿಕೊಳ್ಳಿ. ತೆಗೆದ ಕೊಂಡಿಗಳನ್ನು ಕೇಳಿ ಪಡೆಯಿರಿ; ಅದೇ ಮಾದರಿಯ ಕೊಂಡಿ ಆಮೇಲೆ ಹುಡುಕಿದರೂ ಸಿಗದು.

ವಾಚಿನ ಜೊತೆ ಬಳೆ ಹಾಕಬಹುದೇ?

ಅದೇ ಕೈಗೆ ಬೇಡ. ವಾಚು ಹಾಳಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ, ಆದರೆ 22 ಕ್ಯಾರೆಟ್ ಬಂಗಾರ ಸ್ಟೀಲಿಗಿಂತ ಬಹಳ ಮೆದು. ದಿನಾ ಉಜ್ಜಿದರೆ ಸವೆಯುವುದು ನಿಮ್ಮ ಬಳೆ! ಗಾಜಿನ ಬಳೆ ಮತ್ತು ಕಲ್ಲಿನ ಬಳೆ ಮಾತ್ರ ವಾಚಿನ ಬಣ್ಣವನ್ನೇ ತಿನ್ನುತ್ತವೆ. ಬಳೆ ಬಲಗೈಗೆ, ವಾಚು ಎಡಗೈಗೆ ಎನ್ನುವ ರೂಢಿಯೇ ಸರಿ. ಎಡಗೈಯಲ್ಲಿ ಕೆಲಸ ಮಾಡುವವರು ಅದಲು ಬದಲು ಮಾಡಿಕೊಳ್ಳಿ.

ಬಂಗಾರದ ಬಣ್ಣದ್ದು ತಗೊಂಡರೆ ಬಾಳಿಕೆ ಬರುತ್ತದೆಯೇ?

ಬಣ್ಣದ ಲೇಪ ಬಹಳ ತೆಳು. ಲ್ಯಾಪ್‌ಟಾಪ್ ಮೇಲೆ ಕೈ ಊರಿ ಟೈಪ್ ಮಾಡುವವರಿಗೆ ಮೊದಲು ಲಾಕಿನ ಅಡಿಭಾಗ, ಆಮೇಲೆ ಕೊಂಡಿಗಳ ಅಂಚು ಬಿಳುಪಾಗುತ್ತದೆ. ಬರೀ ಸ್ಟೀಲಿನ ಗೀರನ್ನು ಪಾಲಿಶ್ ಮಾಡಿಸಬಹುದು, ಲೇಪವಿದ್ದುದನ್ನು ಪಾಲಿಶ್ ಮಾಡಿದರೆ ಲೇಪವೇ ಹೋಗುತ್ತದೆ. ಬಂಗಾರದ ಬಣ್ಣವೇ ಇಷ್ಟ, ದಿನಾ ಕಟ್ಟಲೂ ಬೇಕು ಎಂದರೆ ನಡುವಿನ ಕೊಂಡಿ ಮಾತ್ರ ಬಣ್ಣವಿರುವ ಎರಡು ಬಣ್ಣದ ಚೈನು ತೆಗೆದುಕೊಳ್ಳಿ. ಅಂಚುಗಳು ಸ್ಟೀಲಿನವೇ ಆದ್ದರಿಂದ ಸವೆದದ್ದು ಅಷ್ಟಾಗಿ ಕಾಣುವುದಿಲ್ಲ.

30 ಮೀಟರ್ ವಾಟರ್ ರೆಸಿಸ್ಟೆಂಟ್ ಎಂದಿದೆ. ಪಾತ್ರೆ ತೊಳೆಯಬಹುದೇ?

ಬೇಡ. ಅದು ಮಳೆಹನಿಗೆ, ಕೈತೊಳೆಯುವಾಗಿನ ಸಿಡಿತಕ್ಕೆ. ಪಾತ್ರೆ, ಬಟ್ಟೆ, ಸ್ನಾನ ಮೂರಕ್ಕೂ ಬಿಚ್ಚಿಡಿ. ಬಿಚ್ಚಿದಾಗ ಕಟ್ಟೆಯ ಮೇಲೆ ಗ್ಲಾಸು ಕೆಳಗಾಗಿ ಇಡಬೇಡಿ. ಬಟ್ಟೆಯ ಮೇಲೆ, ಪಕ್ಕಕ್ಕೆ ಒರಗಿಸಿ ಇಡಿ.

ವಾಚು ಕೆಳಗೆ ಬಿತ್ತು, ಓಡುತ್ತಿದೆ. ಏನಾದರೂ ನೋಡಿಸಬೇಕೇ?

ಪೆಟ್ಟು ತಡೆಯುವ ವಾಚು ಎಂದು ಕರೆಯಲು ಇರುವ ಐಎಸ್‌ಒ 1413 ಪರೀಕ್ಷೆ, ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಮೇಲೆ ಬಿದ್ದದ್ದಕ್ಕೆ ಸಮಾನವಾದ ಪೆಟ್ಟು. ನಮ್ಮ ನೆಲ ಗ್ರಾನೈಟು, ಟೈಲ್ಸು. ತೆಳು ವಾಚುಗಳಲ್ಲಿ ಎಷ್ಟೋ ಆ ಪರೀಕ್ಷೆಯ ಹೆಸರನ್ನೂ ಹೇಳಿಕೊಳ್ಳುವುದಿಲ್ಲ.

ಬಿದ್ದ ವಾಚನ್ನು ಮೊದಲು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ. ಕ್ವಾರ್ಟ್ಜ್ ವಾಚಿನಲ್ಲಿ ಏನೋ ಸಡಿಲವಾಗಿ ಗುಳುಗುಳು ಎಂದರೆ ಡಯಲ್ಲಿನ ಕಾಲು ಮುರಿದಿರಬಹುದು ಅಥವಾ ಮೆಷಿನ್ ಹಿಡಿದಿರುವ ಬಳೆ ಜರುಗಿರಬಹುದು. ಆಮೇಲೆ ಕೀ ಎಳೆದು ಹನ್ನೆರಡು ಗಂಟೆಗೆ ತಿರುಗಿಸಿ. ಎರಡೂ ಮುಳ್ಳು ಸರಿಯಾಗಿ ಒಂದರ ಮೇಲೊಂದು ಬರದಿದ್ದರೆ ಮುಳ್ಳು ಸಡಿಲವಾಗಿದೆ. ಪೂರ್ತಿ ಹನ್ನೆರಡು ಗಂಟೆ ಸುತ್ತಿಸಿ, ಮುಳ್ಳುಗಳು ಒಂದಕ್ಕೊಂದು ಅಥವಾ ಗ್ಲಾಸಿಗೆ ತಗಲುತ್ತವೆಯೇ ನೋಡಿ. ತೆಳು ಕೇಸಿನಲ್ಲಿ ಅಲ್ಲಿರುವ ಜಾಗವೇ ಕೂದಲೆಳೆಯಷ್ಟು. ಕೊನೆಗೆ ಗ್ಲಾಸಿನ ಅಂಚನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ಸಣ್ಣ ಚಕ್ಕೆ ಹುಡುಕಿ. ಚಕ್ಕೆ ಹಾರಿದ್ದರೆ ಒಳಗೆ ಗಾಜಿನ ಪುಡಿ ಬಿದ್ದಿರಬಹುದು, ಅದು ಮುಳ್ಳಿಗೆ ಸಿಕ್ಕಿಕೊಂಡರೆ ಡಯಲ್ ಗೀರುತ್ತದೆ. ಅಂಥ ವಾಚನ್ನು ಓಡಲು ಬಿಡದೆ ಕೀಯನ್ನು ಹೊರಗೆಳೆದು ನಿಲ್ಲಿಸಿ, ಗ್ಲಾಸು ಮೇಲಾಗಿ ಇಟ್ಟು ಅಂಗಡಿಗೆ ಒಯ್ಯಿರಿ.

ಇವೆಲ್ಲ ಸರಿಯಾಗಿದ್ದರೆ ಟೈಮ್ ಹೊಂದಿಸಿ ಎರಡು ದಿನ ಮೊಬೈಲಿನ ಗಡಿಯಾರದ ಜೊತೆ ಹೋಲಿಸಿ ನೋಡಿ. ಕ್ವಾರ್ಟ್ಜ್ ವಾಚು ಆ ಎರಡು ದಿನದಲ್ಲಿ ನಿಮಿಷದಷ್ಟು ಹಿಂದೆ ಬಿದ್ದರೆ ಸೆಲ್ ತನ್ನ ಜಾಗದಲ್ಲಿ ಅಲ್ಲಾಡುತ್ತಿರುವುದೇ ಹೆಚ್ಚು, ಮೆಷಿನ್ ಬದಲಿಸಬೇಕು ಎನ್ನುವ ಮೊದಲು ಸೆಲ್ ಹಿಡಿದಿರುವ ತಗಡನ್ನು ನೋಡಲು ಹೇಳಿ.